21ನೇ ದಿನದ ರಕ್ತಪರೀಕ್ಷೆ, 35 ದಿನಗಳ ಋತುಚಕ್ರ

ಪ್ರಶ್ನೆ: "ಡಾಕ್ಟರೇ, ನನಗೆ 29 ವರ್ಷ. ಮುಟ್ಟು ಮೊದಲಿನಿಂದಲೂ 34ರಿಂದ 36 ದಿನಕ್ಕೊಮ್ಮೆ ಬರುತ್ತದೆ. ಮಗುವಿಗಾಗಿ ಎಂಟು ತಿಂಗಳಿಂದ ಪ್ರಯತ್ನಿಸುತ್ತಿದ್ದೇವೆ. 21ನೇ ದಿನ ರಕ್ತ ಕೊಟ್ಟೆ, ಪ್ರೊಜೆಸ್ಟರಾನ್ 0.6 ಎಂದು ಬಂತು. ಅಂಡ ಬಿಡುಗಡೆಯಾಗುತ್ತಿಲ್ಲ ಎಂದು ಹೇಳಿ, 16ನೇ ದಿನದಿಂದ ಹತ್ತು ದಿನ ನುಂಗಲು ಮಾತ್ರೆ ಬರೆದುಕೊಟ್ಟಿದ್ದಾರೆ. ಇನ್ನೂ ಶುರು ಮಾಡಿಲ್ಲ. ತಂಗಿಯ ಪಿಯುಸಿ ಪುಸ್ತಕದ ಚಿತ್ರದಲ್ಲಿ 14ನೇ ದಿನ ಅಂಡೋತ್ಸರ್ಗ ಎಂದಿದೆ. ನಾವೂ 12ರಿಂದ 16ರವರೆಗಿನ ದಿನಗಳನ್ನೇ ನೋಡಿಕೊಂಡು ಸೇರುತ್ತಿದ್ದೇವೆ. ಆ ಚಿತ್ರಕ್ಕೂ ನನ್ನ ದೇಹಕ್ಕೂ ಯಾಕೆ ತಾಳೆಯಾಗುತ್ತಿಲ್ಲ?"

ಉತ್ತರ:

ಆ 0.6 ಎಂಬ ಅಂಕಿಯನ್ನು ನೋಡಿ ನಿಮ್ಮಲ್ಲಿ ಅಂಡೋತ್ಸರ್ಗ ಆಗುತ್ತಿದೆ ಎಂದಾಗಲಿ, ಆಗುತ್ತಿಲ್ಲ ಎಂದಾಗಲಿ ತೀರ್ಮಾನಿಸಲು ಬರುವುದಿಲ್ಲ. 35 ದಿನಗಳ ಚಕ್ರವಿರುವವರಲ್ಲಿ ಅಂಡ ಸಾಮಾನ್ಯವಾಗಿ ಹೊರಬರುವುದೇ 21ನೇ ದಿನದ ಆಸುಪಾಸಿನಲ್ಲಿ. ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರುವುದು ಅದಾದ ಮೇಲೆ. ಹಾಗಾಗಿ ಆ ದಿನ ರಕ್ತ ತೆಗೆದರೆ, ಎಲ್ಲವೂ ಸರಿಯಿರುವ ಹೆಂಗಸಿನಲ್ಲಿಯೂ ಅಂಕಿ ಕಡಿಮೆಯೇ ಬರುತ್ತದೆ. ಮುಟ್ಟು 24ರಿಂದ 38 ದಿನಗಳೊಳಗೆ, ಹೆಚ್ಚು ಏರುಪೇರಿಲ್ಲದೆ ಬರುತ್ತಿದ್ದರೆ ಅದನ್ನು ಸಹಜವೆಂದೇ ನಾವು ಪರಿಗಣಿಸುತ್ತೇವೆ. ನಿಮ್ಮದು ಎರಡು ದಿನಗಳ ವ್ಯತ್ಯಾಸದಲ್ಲಿ ತಪ್ಪದೆ ಬರುತ್ತಿರುವುದನ್ನು ನೋಡಿದರೆ, ಅಂಡ ಬಿಡುಗಡೆಯಾಗುತ್ತಿರುವ ಸಾಧ್ಯತೆಯೇ ಹೆಚ್ಚು. ಆದರೆ ಅದು ಸಾಧ್ಯತೆ ಮಾತ್ರ, ಸರಿಯಾದ ದಿನ ಪರೀಕ್ಷಿಸಿಯೇ ಖಚಿತಪಡಿಸಿಕೊಳ್ಳಬೇಕು.

ಪಠ್ಯಪುಸ್ತಕದ ಚಿತ್ರ ಸುಳ್ಳು ಹೇಳುತ್ತಿಲ್ಲ, ಅದನ್ನು ಓದುವ ಕ್ರಮವನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅದರಲ್ಲಿ ಒಂದರ ಕೆಳಗೊಂದು ನಾಲ್ಕು ಪಟ್ಟಿಗಳಿರುತ್ತವೆ. ಎಲ್ಲಕ್ಕಿಂತ ಮೇಲೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನುಗಳ ಗೆರೆಗಳು. ಎರಡನೆಯ ಪಟ್ಟಿಯಲ್ಲಿ ಅಂಡಾಶಯ: ಅಂಡವನ್ನು ಒಳಗಿಟ್ಟುಕೊಂಡ, ನೀರುಗುಳ್ಳೆಯಂಥ ಫಾಲಿಕಲ್ ಬೆಳೆಯುವುದು, ಒಡೆಯುವುದು, ಒಡೆದ ಮೇಲೆ ಅದೇ ಜಾಗದಲ್ಲಿ ಕಾರ್ಪಸ್ ಲೂಟಿಯಂ ಎಂಬ ಹಳದಿ ಗಂಟು ಮೂಡಿ ಬಾಡುವುದು. ಮೂರನೆಯದರಲ್ಲಿ ಅಂಡಾಶಯದ ಹಾರ್ಮೋನುಗಳಾದ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್. ಕೊನೆಯದರಲ್ಲಿ ಗರ್ಭಕೋಶದ ಒಳಪದರ: ಕಳಚಿ ಬೀಳುವುದು, ಮತ್ತೆ ಬೆಳೆಯುವುದು, ದಪ್ಪಗಾಗಿ ಮೆತ್ತಗಾಗುವುದು. ಅಡಿಯಲ್ಲಿ 1ರಿಂದ 28ರವರೆಗೆ ಅಂಕಿಗಳು. ನಡುವೆ, 14ರ ಮೇಲೆ, ಮೇಲಿನಿಂದ ಕೆಳಕ್ಕೆ ಒಂದು ಗೆರೆ.

ನೀವೇ ಒಂದು ಗ್ರಾಫ್ ಹಾಳೆಯ ಮೇಲೆ ಈ ಚಿತ್ರವನ್ನು ಮತ್ತೊಮ್ಮೆ ಬರೆದು ನೋಡಿ. ಆದರೆ ಎಡತುದಿಯಿಂದ ಶುರು ಮಾಡಬೇಡಿ. ಮೊದಲು ಆ ನಡುಗೆರೆಯನ್ನು ಎಳೆಯಿರಿ, ಅದು ಅಂಡೋತ್ಸರ್ಗ. ಅದರ ಬಲಕ್ಕೆ 14 ಮನೆಗಳನ್ನು ಎಣಿಸಿ ಮುಂದಿನ ಮುಟ್ಟಿನ ಗೆರೆ ಎಳೆಯಿರಿ. ಎಡಕ್ಕೆ ಮಾತ್ರ ನಿಮ್ಮ ಚಕ್ರದ ಉಳಿದ ದಿನಗಳನ್ನು ಹಾಕಿ. 28 ದಿನದವರಿಗೆ ಎಡಕ್ಕೆ 14 ಮನೆ, ನಿಮಗೆ 21 ಮನೆ, 24 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಹತ್ತೇ ಮನೆ. ನಡುಗೆರೆಯ ಬಲಭಾಗ ಎಲ್ಲರಲ್ಲಿಯೂ ಹೆಚ್ಚುಕಡಿಮೆ ಒಂದೇ ಅಳತೆಯದು. ಹಿಗ್ಗುವುದು, ಕುಗ್ಗುವುದು ಎಡಭಾಗ. ಅಂಡೋತ್ಸರ್ಗವನ್ನು ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸದೆ, ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು ಎಂಬುದನ್ನು ಜಪಾನಿನ ಒಗಿನೊ ಮತ್ತು ಆಸ್ಟ್ರಿಯಾದ ಕ್ನೌಸ್ ಎಂಬ ವೈದ್ಯರು 1920ರ ದಶಕದಲ್ಲಿಯೇ ಬೇರೆ ಬೇರೆಯಾಗಿ ಕಂಡುಕೊಂಡಿದ್ದರು. ನೂರು ವರ್ಷವಾದರೂ ನಮ್ಮ ಪರೀಕ್ಷೆಯ ಚೀಟಿಗಳಲ್ಲಿ ಎಲ್ಲರಿಗೂ "21ನೇ ದಿನ" ಎಂದೇ ಬರೆಯುವ ರೂಢಿ ಹೋಗಿಲ್ಲ. 28 ದಿನದವರ ಮಟ್ಟಿಗೆ ಅದು ಸರಿಯೇ, ಏಕೆಂದರೆ ಅವರಲ್ಲಿ ಅದು ನಡುಗೆರೆಯಿಂದ ಏಳನೆಯ ದಿನ. ನಿಮ್ಮ ಹಾಳೆಯಲ್ಲಿ ನಡುಗೆರೆಯಿಂದ ಏಳನೆಯ ದಿನ ಬರುವುದು 28ಕ್ಕೆ.

ಎಡಭಾಗ ಮಾತ್ರ ಯಾಕೆ ಹಿಗ್ಗುತ್ತದೆ ಎಂಬುದಕ್ಕೆ ಉತ್ತರ, ಚಿತ್ರದಲ್ಲಿ ಬರೆಯದೆ ಬಿಟ್ಟಿರುವ ಬಾಣಗಳಲ್ಲಿದೆ. ಪಟ್ಟಿಗಳನ್ನು ಮಿದುಳಿನಿಂದ ಗರ್ಭಕೋಶದವರೆಗೆ ಮೇಲಿನಿಂದ ಕೆಳಕ್ಕೆ ಜೋಡಿಸಿರುವುದರಿಂದ, ಮೇಲಿನವರು ಆಜ್ಞೆ ಕೊಡುತ್ತಾರೆ, ಕೆಳಗಿನವರು ಪಾಲಿಸುತ್ತಾರೆ ಎಂಬ ಭಾವನೆ ಬರುತ್ತದೆ. ವಾಸ್ತವದಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗುವ ಸುದ್ದಿಯೇ ಚಕ್ರದ ಗತಿಯನ್ನು ನಿರ್ಧರಿಸುತ್ತದೆ. ಇದನ್ನೇ ಫೀಡ್‌ಬ್ಯಾಕ್ ಎನ್ನುತ್ತೇವೆ.

ಹಿಂದಿನ ಚಕ್ರದ ಕೊನೆಯ ದಿನಗಳಿಂದ ಆರಂಭಿಸೋಣ. ಹಳದಿ ಗಂಟು ಬಾಡುತ್ತಿದ್ದಂತೆ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಮತ್ತು ಇನ್‌ಹಿಬಿನ್ ಎಂಬ ಇನ್ನೊಂದು ಹಾರ್ಮೋನು ಮೂರೂ ಇಳಿಯುತ್ತವೆ. ಇಷ್ಟು ದಿನ ಪಿಟ್ಯುಟರಿಯನ್ನು ಅದುಮಿಟ್ಟಿದ್ದವು ಇವೇ. ಅದುಮಿದ ಕೈ ಸಡಿಲವಾದೊಡನೆ ಎಫ್‌ಎಸ್‌ಎಚ್ ನಿಧಾನವಾಗಿ ಏರುತ್ತದೆ. ಅಂದರೆ ಹೊಸ ಫಾಲಿಕಲ್‌ಗಳಿಗೆ ಕರೆ ಹೋಗುವುದು ಮುಟ್ಟು ಕಾಣಿಸಿಕೊಳ್ಳುವುದಕ್ಕಿಂತ ಸ್ವಲ್ಪ ಮೊದಲೇ. ಹಲವು ಫಾಲಿಕಲ್‌ಗಳು ಬೆಳೆಯತೊಡಗುತ್ತವೆ, ಈಸ್ಟ್ರೋಜೆನ್ ಮತ್ತು ಇನ್‌ಹಿಬಿನ್ ತಯಾರಿಸುತ್ತವೆ, ಅವು ಮೇಲೆ ಹೋಗಿ ಎಫ್‌ಎಸ್‌ಎಚ್ ಅನ್ನು ಮತ್ತೆ ತಗ್ಗಿಸುತ್ತವೆ. ಇದು ನೆಗೆಟಿವ್ ಫೀಡ್‌ಬ್ಯಾಕ್. ಎಫ್‌ಎಸ್‌ಎಚ್ ಕಡಿಮೆಯಾದಾಗ ಹೆಚ್ಚಿನ ಫಾಲಿಕಲ್‌ಗಳು ಸೊರಗಿ ಹೋಗುತ್ತವೆ. ಅಷ್ಟು ಕಡಿಮೆ ಎಫ್‌ಎಸ್‌ಎಚ್‌ನಲ್ಲಿಯೂ ಬದುಕಬಲ್ಲ ಒಂದು ಮಾತ್ರ ಉಳಿಯುತ್ತದೆ. ಒಮ್ಮೆ ಹೀಗೆ ಮುಂದೆ ಬಂದ ಫಾಲಿಕಲ್ ದಿನಕ್ಕೆ ಸುಮಾರು 2 ಮಿಲಿಮೀಟರಿನಂತೆ ಬೆಳೆಯುತ್ತದೆ, ಈ ವೇಗ ಬಹುಪಾಲು ಹೆಂಗಸರಲ್ಲಿ ಒಂದೇ ರೀತಿ. ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸವಾಗುವುದು ಈ ಒಂದು ಫಾಲಿಕಲ್ ಆಯ್ಕೆಯಾಗಲು ಹಿಡಿಯುವ ಸಮಯದಲ್ಲಿ. ನಿಮ್ಮ ಎಡಭಾಗದ ಹೆಚ್ಚುವರಿ ಏಳು ಮನೆಗಳು ಬಹುಶಃ ಅಲ್ಲಿಯೇ ಖರ್ಚಾಗುತ್ತಿವೆ.

ಇನ್ನು ನಡುಗೆರೆಯ ಹತ್ತಿರ ನಡೆಯುವುದು, ನಾನು ವೈದ್ಯಕೀಯ ವಿದ್ಯಾರ್ಥಿನಿಯಾಗಿದ್ದಾಗ ಬಹಳ ಕಾಲ ಅರ್ಥವಾಗದೆ ಕಾಡಿದ ಸಂಗತಿ. ಅಲ್ಲಿಯವರೆಗೆ ಪಿಟ್ಯುಟರಿಯನ್ನು ಅದುಮುತ್ತಿದ್ದ ಅದೇ ಈಸ್ಟ್ರೋಜೆನ್, ಪ್ರತಿ ಮಿಲಿಲೀಟರ್ ರಕ್ತದಲ್ಲಿ ಸುಮಾರು 200 ಪಿಕೊಗ್ರಾಂ ದಾಟಿ, ಎರಡು ದಿನಗಳಷ್ಟು ಕಾಲ ಅಲ್ಲಿಯೇ ನಿಂತರೆ, ಒಮ್ಮೆಲೇ ತನ್ನ ವರ್ತನೆ ಬದಲಿಸುತ್ತದೆ. ಈಗ ಅದು ಎಲ್‌ಎಚ್ ಅನ್ನು ಉಕ್ಕಿಸುತ್ತದೆ. ಇದು ಪಾಸಿಟಿವ್ ಫೀಡ್‌ಬ್ಯಾಕ್. ಮೇಲಿನ ಪಟ್ಟಿಯಲ್ಲಿ ಗೋಪುರದಂತೆ ನಿಂತಿರುವ ಎಲ್‌ಎಚ್ ಶಿಖರ ಇದೇ. ಉಕ್ಕು ಆರಂಭವಾದ ಸುಮಾರು 36 ಗಂಟೆಗಳ ನಂತರ ಫಾಲಿಕಲ್ ಒಡೆದು ಅಂಡ ಹೊರಬರುತ್ತದೆ. ಇಲ್ಲಿ ಗಮನಿಸಬೇಕಾದುದು, ಅಷ್ಟು ಈಸ್ಟ್ರೋಜೆನ್ ಅನ್ನು ಅಷ್ಟು ಹೊತ್ತು ತಯಾರಿಸುವ ಶಕ್ತಿ ಇರುವುದು ಚೆನ್ನಾಗಿ ಬಲಿತ ಫಾಲಿಕಲ್‌ಗೆ ಮಾತ್ರ. ಆದ್ದರಿಂದ ಅಂಡ ಸಿದ್ಧವಾಗಿದೆ ಎಂದು ಅಂಡಾಶಯ ತಿಳಿಸುವವರೆಗೆ ಮಿದುಳು ಕಾಯುತ್ತದೆ. ದಿನಗಳನ್ನು ಎಣಿಸುವ ಗಡಿಯಾರ ಮಿದುಳಿನಲ್ಲಿಲ್ಲ.

ಇದನ್ನು ತೋರಿಸಿಕೊಟ್ಟದ್ದು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಅರ್ನ್ಸ್ಟ್ ನೊಬಿಲ್ ಮತ್ತು ಅವರ ಸಂಗಡಿಗರು ರೀಸಸ್ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳು. ಪಿಟ್ಯುಟರಿಗೆ ಪ್ರಚೋದನೆ ಕೊಡುವ, ಮಿದುಳಿನ ಹೈಪೊಥಲಾಮಸ್‌ನ ಭಾಗವನ್ನು ನಾಶಮಾಡಿ, ಅದರ ಬದಲು ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಯಂತ್ರದಿಂದ ಗಂಟೆಗೊಮ್ಮೆ, ಒಂದೇ ಪ್ರಮಾಣದಲ್ಲಿ, ಏನೂ ಬದಲಿಸದೆ ಕೊಡುತ್ತಾ ಹೋದರು. ಹಾಗಿದ್ದರೂ ಆ ಕೋತಿಗಳಲ್ಲಿ ಎಲ್‌ಎಚ್ ಸರಿಯಾದ ಹೊತ್ತಿಗೆ ಉಕ್ಕಿತು, ಅಂಡೋತ್ಸರ್ಗವಾಯಿತು, ಮುಟ್ಟು ಬಂತು. ಮೇಲಿನಿಂದ ಬರುವ ಮಿಡಿತ ಬದಲಾಗದಿದ್ದರೂ ಚಕ್ರ ನಡೆಯಿತು ಎಂದ ಮೇಲೆ, ಸಮಯ ನಿರ್ಧರಿಸಿದ್ದು ಅಂಡಾಶಯವೇ ಎಂದಾಯಿತು. ಆದರೆ ಆ ಮಿಡಿತ ನಿಂತುಹೋದರೆ ಚಕ್ರವೂ ನಿಲ್ಲುತ್ತದೆ. ತೀವ್ರವಾಗಿ ತೂಕ ಇಳಿದಾಗ, ದೊಡ್ಡ ಆಘಾತವಾದಾಗ ಮುಟ್ಟು ತಪ್ಪುವುದು ಹೀಗೆ.

ಬಲಭಾಗಕ್ಕೆ ಬರೋಣ. ಒಡೆದ ಫಾಲಿಕಲ್ ಹಳದಿ ಗಂಟಾಗಿ ಮಾರ್ಪಟ್ಟು ಪ್ರೊಜೆಸ್ಟರಾನ್ ಸುರಿಸತೊಡಗುತ್ತದೆ, ಸುಮಾರು ಏಳನೆಯ ದಿನ ಅದು ಅತಿ ಹೆಚ್ಚು. ಅದೇ ಹೊತ್ತಿನಲ್ಲಿ ಕೆಳಗಿನ ಪಟ್ಟಿಯಲ್ಲಿ ಒಳಪದರ ಭ್ರೂಣವನ್ನು ಹಿಡಿದುಕೊಳ್ಳಲು ಸಿದ್ಧವಾಗಿರುತ್ತದೆ. ಅಂಡಾಶಯದ ಭಾಷೆಯಲ್ಲಿ ಲೂಟಿಯಲ್ ಹಂತ, ಗರ್ಭಕೋಶದ ಭಾಷೆಯಲ್ಲಿ ಸ್ರಾವದ ಹಂತ ಎನ್ನುವುದು ಈ ಒಂದೇ ಅವಧಿಯನ್ನು. (ಸ್ರಾವ ಎಂದರೆ ಇಲ್ಲಿ ರಕ್ತಸ್ರಾವವಲ್ಲ, ಒಳಪದರದ ಗ್ರಂಥಿಗಳು ಪೋಷಕ ದ್ರವ ಒಸರುವುದು. ಈ ಪದ ನಮ್ಮ ವಿದ್ಯಾರ್ಥಿಗಳನ್ನು ಪ್ರತಿವರ್ಷ ಗೊಂದಲಕ್ಕೆ ಕೆಡವುತ್ತದೆ.) ಎಡಭಾಗದಲ್ಲಿ ಈ ಜೋಡಣೆ ಅಷ್ಟು ನೇರವಲ್ಲ: ಅಂಡಾಶಯದ ಫಾಲಿಕ್ಯುಲರ್ ಹಂತ ಒಂದೇ ಆದರೂ, ಅದರ ಕೆಳಗೆ ಗರ್ಭಕೋಶದಲ್ಲಿ ಮುಟ್ಟಿನ ಹಂತ ಮತ್ತು ವೃದ್ಧಿಯ ಹಂತ ಎಂಬ ಎರಡು ಇರುತ್ತವೆ. ಗರ್ಭ ನಿಲ್ಲದಿದ್ದರೆ ಹಳದಿ ಗಂಟಿನ ಆಯುಸ್ಸು ಸುಮಾರು ಎರಡು ವಾರ. ಅದು ಬಾಡಿದಾಗ ಪ್ರೊಜೆಸ್ಟರಾನ್ ಕುಸಿಯುತ್ತದೆ, ಒಳಪದರದ ಸುರುಳಿ ರಕ್ತನಾಳಗಳು ಸಂಕುಚಿತವಾಗುತ್ತವೆ, ಪದರ ಕಳಚಿ ಬೀಳುತ್ತದೆ. ಹಳದಿ ಗಂಟಿನ ಆಯುಸ್ಸು ಇಷ್ಟೇ ಎಂದು ಇರುವುದರಿಂದಲೇ ಬಲಭಾಗ ಹೆಚ್ಚು ಹಿಗ್ಗುವುದಿಲ್ಲ. ಹಾಗೆಂದು 14 ಎಂಬುದೂ ಕಲ್ಲಿನಲ್ಲಿ ಕೊರೆದದ್ದಲ್ಲ, 11ರಿಂದ 17ರವರೆಗೆ ಇರಬಹುದು.

ನನ್ನಲ್ಲಿಗೆ ಬಂದಿದ್ದ ಒಬ್ಬರ ವಿವರ ಹೇಳುತ್ತೇನೆ, ಅವರದೂ ಸುಮಾರು 35 ದಿನಗಳ ಚಕ್ರ, ಅವರ ಕೈಯಲ್ಲಿಯೂ ಇಂಥದೇ 21ನೇ ದಿನದ ವರದಿ ಇತ್ತು. ಮುಂದಿನ ಚಕ್ರದಲ್ಲಿ 14ನೇ ದಿನ ಸ್ಕ್ಯಾನ್ ಮಾಡಿದಾಗ ಅತಿ ದೊಡ್ಡ ಫಾಲಿಕಲ್ 9 ಮಿಲಿಮೀಟರ್ ಇತ್ತು, ಒಳಪದರ 5. ಪುಸ್ತಕದ ಚಿತ್ರದ ಪ್ರಕಾರ ಅಂದು ಅಂಡ ಹೊರಬರಬೇಕಾಗಿತ್ತು, ಆಕೆಯಲ್ಲಿ ಆಯ್ಕೆಯೇ ಆಗ ತಾನೇ ಮುಗಿಯುತ್ತಿತ್ತು. 17ನೇ ದಿನ ಫಾಲಿಕಲ್ 14 ಆಯಿತು, 20ನೇ ದಿನ 20, ಒಳಪದರ 9. ಅಂದು ಸಂಜೆ ಮೂತ್ರದ ಎಲ್‌ಎಚ್ ಕಿಟ್ ಪಾಸಿಟಿವ್ ಬಂತು. 22ನೇ ದಿನ ನೋಡಿದಾಗ ಫಾಲಿಕಲ್ ಕುಸಿದು, ಗರ್ಭಕೋಶದ ಹಿಂದೆ ಸ್ವಲ್ಪ ನೀರು ಕಾಣಿಸಿತು. 28ನೇ ದಿನ ಪ್ರೊಜೆಸ್ಟರಾನ್ ಪ್ರತಿ ಮಿಲಿಲೀಟರಿಗೆ 11.4 ನ್ಯಾನೊಗ್ರಾಂ. 35 ದಿನ ತುಂಬಿ, ಮಾರನೆಯ ದಿನ ಮುಟ್ಟಾಯಿತು. ಆಕೆಯ ಅಂಡಾಶಯ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು, ಹಿಂದಿನ ರಕ್ತಪರೀಕ್ಷೆ ಒಂದು ವಾರ ಮೊದಲೇ ನಡೆದುಹೋಗಿತ್ತು.

ಈ ಅಂಕಿಯ ಬಗ್ಗೆಯೂ ಒಂದು ಮಾತು. ಸರಿಯಾದ ದಿನದಲ್ಲಿ 3 ನ್ಯಾನೊಗ್ರಾಂ ದಾಟಿದರೆ ಅಂಡೋತ್ಸರ್ಗವಾಗಿದೆ ಎಂದು ತಿಳಿಯುತ್ತೇವೆ. ಅದಕ್ಕಿಂತ ಮೇಲೆ 8 ಬಂದರೆ ಕೆಟ್ಟದ್ದು, 18 ಬಂದರೆ ಒಳ್ಳೆಯದು ಎಂಬ ಲೆಕ್ಕ ಬೇಡ. ಹಳದಿ ಗಂಟು ಪ್ರೊಜೆಸ್ಟರಾನ್ ಅನ್ನು ಬಿಟ್ಟು ಬಿಟ್ಟು ಸುರಿಸುವುದರಿಂದ, ಒಬ್ಬರದೇ ರಕ್ತದಲ್ಲಿ ಕೆಲವು ಗಂಟೆಗಳ ಅಂತರದಲ್ಲಿ ಮಟ್ಟ ಹಲವು ಪಟ್ಟು ಏರಿಳಿಯಬಹುದು. ಹಾಗೆಯೇ, ಮುಟ್ಟು ಬಂತು ಎಂದ ಮಾತ್ರಕ್ಕೆ ಅಂಡ ಬಿಡುಗಡೆಯಾಗಿತ್ತು ಎನ್ನುವುದೂ ಖಚಿತವಲ್ಲ. ಹಳದಿ ಗಂಟೇ ಇಲ್ಲದೆ, ಬರೀ ಈಸ್ಟ್ರೋಜೆನ್‌ನಿಂದ ಬೆಳೆದ ಒಳಪದರವೂ ಒಂದು ದಿನ ಕಳಚುತ್ತದೆ. ಆದರೆ ಅಂಥ ಸ್ರಾವಕ್ಕೆ ಸಾಮಾನ್ಯವಾಗಿ ಕಾಲದ ನಿಯಮವಿರುವುದಿಲ್ಲ, ಒಮ್ಮೆ 25 ದಿನಕ್ಕೆ, ಒಮ್ಮೆ 60 ದಿನಕ್ಕೆ ಬರುತ್ತದೆ.

ಈಗ ನಿಮಗೆ ಬರೆದುಕೊಟ್ಟಿರುವ ಮಾತ್ರೆ. ಹೆಸರು ನೀವು ತಿಳಿಸಿಲ್ಲ, ಆದರೆ 16ರಿಂದ ಹತ್ತು ದಿನ ಎಂದಿರುವುದರಿಂದ ಪ್ರೊಜೆಸ್ಟರಾನ್ ಗುಂಪಿನದೇ ಇರಬೇಕು. ನಿಮ್ಮ ಹಾಳೆಯಲ್ಲಿ 16 ಎಂಬುದು ನಡುಗೆರೆಯ ಎಡಕ್ಕಿದೆ. ಅಂಡ ಹೊರಬರುವ ಮೊದಲೇ ಪ್ರೊಜೆಸ್ಟರಾನ್ ದೇಹ ಸೇರಿದರೆ ಮಿದುಳು ಅದನ್ನು ಹಳದಿ ಗಂಟಿನಿಂದ ಬಂದ ಸುದ್ದಿ ಎಂದೇ ತಿಳಿಯುತ್ತದೆ. ಜಿಎನ್‌ಆರ್‌ಎಚ್ ಮಿಡಿತ ನಿಧಾನವಾಗುತ್ತದೆ, ನಾರೆಥಿಸ್ಟರಾನ್‌ನಂಥ ಮಾತ್ರೆಗಳಿಂದ ಎಲ್‌ಎಚ್ ಉಕ್ಕುವುದೇ ತಪ್ಪಬಹುದು. ಇದೇ ಗುಂಪಿನ ಡೈಡ್ರೊಜೆಸ್ಟರಾನ್ ಸಾಮಾನ್ಯ ಪ್ರಮಾಣದಲ್ಲಿ ಅಂಡೋತ್ಸರ್ಗವನ್ನು ಅಷ್ಟಾಗಿ ತಡೆಯದು. ಆದರೆ ಬೇಗ ಶುರು ಮಾಡಿದರೆ ಒಳಪದರ ಭ್ರೂಣಕ್ಕಿಂತ ಮೊದಲೇ ಸಿದ್ಧವಾಗಿ, ಎರಡರ ಹೊಂದಾಣಿಕೆ ತಪ್ಪುತ್ತದೆ. ಮಾತ್ರೆ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಸ್ರಾವವಾಗುತ್ತದೆ, ಹೀಗೆ 28-29 ದಿನಕ್ಕೇ ಮುಟ್ಟು ಬಂದದ್ದನ್ನು ಕಂಡು ಚಕ್ರ ಸರಿಹೋಯಿತು ಎಂದು ಮನೆಯವರೆಲ್ಲ ಸಮಾಧಾನಪಡುತ್ತಾರೆ. ಪೂಜೆಗೋ ಮದುವೆಗೋ ಮುಟ್ಟನ್ನು ಮುಂದೆ ಹಾಕಲು ನಮ್ಮಲ್ಲಿ ನುಂಗುವ ಮಾತ್ರೆಯೂ ಇದೇ ಗುಂಪಿನದು: ಹೊರಗಿನಿಂದ ಪ್ರೊಜೆಸ್ಟರಾನ್ ಇರುವವರೆಗೆ ಪದರ ನಿಲ್ಲುತ್ತದೆ, ನಿಲ್ಲಿಸಿದಾಗ ಬೀಳುತ್ತದೆ. ಅಲ್ಲಿ ಅದು ಉದ್ದೇಶಪೂರ್ವಕ, ನಿಮ್ಮ ವಿಷಯದಲ್ಲಿ ಮಗುವಿನ ಪ್ರಯತ್ನಕ್ಕೇ ಅಡ್ಡಿಯಾಗಬಹುದು. ಅಂಡೋತ್ಸರ್ಗ ಖಚಿತವಾಗುವ ಮೊದಲು ಅದನ್ನು ಶುರು ಮಾಡದಿರುವುದು ಒಳ್ಳೆಯದು. ನಿಮ್ಮ ವೈದ್ಯರಿಗೆ ಚಕ್ರದ ಉದ್ದವನ್ನು ಸ್ಪಷ್ಟವಾಗಿ ಹೇಳಿ ಮತ್ತೊಮ್ಮೆ ಕೇಳಿ, ಅವಸರದ ಹೊರರೋಗಿ ವಿಭಾಗದಲ್ಲಿ ಆ ಪ್ರಶ್ನೆ ಕೇಳದೆಯೇ ಹೋಗಿರಬಹುದು.

ಎಂಟು ತಿಂಗಳು ಫಲ ಕಾಣದಿರುವುದಕ್ಕೆ ಇನ್ನೊಂದು ಸರಳ ಕಾರಣವೂ ನಿಮ್ಮ ಪತ್ರದಲ್ಲಿಯೇ ಇದೆ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನಗಳವರೆಗೆ ಬದುಕಬಲ್ಲದು, ಅಂಡ ಒಂದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಆದ್ದರಿಂದ ಗರ್ಭ ನಿಲ್ಲಬಹುದಾದ ಅವಧಿ ನಡುಗೆರೆಗೆ ಮುಂಚಿನ ಐದು ದಿನ ಮತ್ತು ಆ ದಿನ. ನಿಮಗೆ ಅದು ಸುಮಾರು 16ರಿಂದ 21. ನೀವು ನಿಲ್ಲಿಸುತ್ತಿದ್ದ ದಿನಕ್ಕೆ ಅದು ಶುರುವಾಗುತ್ತಿತ್ತು. ಇನ್ನು ಮುಂದೆ 15ರಿಂದ 23ರವರೆಗೆ ಎರಡು ದಿನಕ್ಕೊಮ್ಮೆ ಸೇರಿದರೆ ಸಾಕು.

ಪರೀಕ್ಷೆಯನ್ನು ಮತ್ತೆ ಮಾಡಿಸುವ ದಾರಿಗಳಲ್ಲಿ ಅಗ್ಗದ್ದು, ಮುಂದಿನ ಮುಟ್ಟು ಬರಬಹುದಾದ ದಿನಕ್ಕೆ ಏಳು ದಿನ ಮುಂಚೆ, ಅಂದರೆ 28ನೇ ದಿನ ರಕ್ತ ಕೊಡುವುದು. ವರದಿಯ ಮೇಲೆ, ಆಮೇಲೆ ಮುಟ್ಟು ನಿಜವಾಗಿ ಬಂದ ದಿನಾಂಕವನ್ನೂ ಬರೆದಿಡಿ. ರಕ್ತ ತೆಗೆದದ್ದು ಮುಟ್ಟಿಗೆ 5ರಿಂದ 9 ದಿನ ಮುಂಚೆ ಎಂದಾದರೆ ಮಾತ್ರ ಆ ಅಂಕಿಗೆ ಅರ್ಥವಿದೆ, ಇಲ್ಲವಾದರೆ ಅದನ್ನು ಬದಿಗಿಡಿ. ಎಲ್‌ಎಚ್ ಕಿಟ್ ಬಳಸುವುದಾದರೆ 17ನೇ ದಿನದಿಂದ ಶುರು ಮಾಡಿ. 28 ದಿನದ ಲೆಕ್ಕದಲ್ಲಿ 11ನೇ ದಿನವೇ ಶುರು ಮಾಡಿದವರು, ಕಿಟ್‌ನ ಪಟ್ಟಿಗಳೆಲ್ಲ 16ಕ್ಕೆ ಮುಗಿದು, ಗೆರೆ ಬರಲೇ ಇಲ್ಲ ಎಂದು ಅಳುತ್ತಾ ಬಂದದ್ದನ್ನು ನೋಡಿದ್ದೇನೆ. ಪಿಸಿಒಎಸ್ ಎಂಬ, ಹಾರ್ಮೋನು ಏರುಪೇರಿನ ಅಂಡಾಶಯದ ತೊಂದರೆ ಇರುವವರಲ್ಲಿ ಎಲ್‌ಎಚ್ ಸದಾ ತುಸು ಹೆಚ್ಚಿರುವುದರಿಂದ ಈ ಕಿಟ್ ಸುಳ್ಳು ಪಾಸಿಟಿವ್ ತೋರಿಸಬಹುದು. ಸರಣಿ ಸ್ಕ್ಯಾನ್ ಹೆಚ್ಚು ಸ್ಪಷ್ಟ, ಆದರೆ ನಾಲ್ಕೈದು ಸಲ ಓಡಾಡಬೇಕು, ಖರ್ಚೂ ಹೆಚ್ಚು. ಮೊದಲ ಎರಡರಿಂದ ತಿಳಿಯದಿದ್ದರೆ ಮಾತ್ರ ಅದು ಬೇಕಾಗುತ್ತದೆ.

ಸರಿಯಾದ ದಿನ ತೆಗೆದ ಎರಡು ಚಕ್ರಗಳ ರಕ್ತದಲ್ಲಿಯೂ ಅಂಕಿ 3 ದಾಟದಿದ್ದರೆ, ಆಗ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಪರೀಕ್ಷೆ, ಪಿಸಿಒಎಸ್ ಇದೆಯೇ ಎಂಬ ಪರಿಶೀಲನೆ ನಡೆಯಬೇಕು. ಅಗತ್ಯವಿದ್ದರೆ ಅಂಡ ಬಿಡುಗಡೆಯಾಗಲು ನೆರವಾಗುವ ಲೆಟ್ರೊಜೋಲ್ ಮಾತ್ರೆ ಕೊಡುತ್ತಾರೆ. ಅದು ಕೆಲಸ ಮಾಡುವುದೂ ಫೀಡ್‌ಬ್ಯಾಕ್‌ನ ಮೂಲಕವೇ: ಕೆಲವು ದಿನ ಈಸ್ಟ್ರೋಜೆನ್ ತಯಾರಿಕೆಯನ್ನು ತಗ್ಗಿಸಿ, ಅದುಮಿದ ಕೈಯನ್ನು ಸಡಿಲಿಸಿ, ಎಫ್‌ಎಸ್‌ಎಚ್ ಏರುವಂತೆ ಮಾಡುತ್ತದೆ. ಒಂದಕ್ಕಿಂತ ಹೆಚ್ಚು ಫಾಲಿಕಲ್ ಬೆಳೆದು ಅವಳಿ ಗರ್ಭವಾಗುವ ಸಂಭವ ಇರುವುದರಿಂದ ಸ್ಕ್ಯಾನ್ ನಿಗಾ ಇಲ್ಲದೆ ಅದನ್ನು ನುಂಗಬಾರದು, ಗರ್ಭ ನಿಂತಿಲ್ಲ ಎಂದು ಖಚಿತಪಡಿಸಿಕೊಂಡೇ ಶುರು ಮಾಡಬೇಕು.

ನಿಮ್ಮ ವಯಸ್ಸಿನಲ್ಲಿ ಒಂದು ವರ್ಷ ಪ್ರಯತ್ನಿಸಿದ ಮೇಲೆ ಪೂರ್ಣ ತಪಾಸಣೆ ಆರಂಭಿಸುವುದು ರೂಢಿ. ನೀವು ತಪ್ಪಿದ ದಿನಗಳನ್ನು ಲೆಕ್ಕಕ್ಕೆ ಹಿಡಿದರೆ ಇನ್ನೂ ಮೂರು ನಾಲ್ಕು ಚಕ್ರ ಕಾಯಬಹುದು. ಆದರೆ ನಿಮ್ಮ ಪತಿಯ ವೀರ್ಯ ಪರೀಕ್ಷೆಗೆ ಅಷ್ಟು ಕಾಯಬೇಕಾಗಿಲ್ಲ, ಎರಡರಿಂದ ಏಳು ದಿನ ಸೇರದೆ ಇದ್ದು ಒಮ್ಮೆ ಮಾದರಿ ಕೊಟ್ಟರೆ ಸಾಕು. ನೀವು 28ನೇ ದಿನ ರಕ್ತ ಕೊಟ್ಟು ಬಂದ ವಾರದಲ್ಲೇ ಅದನ್ನೂ ಮಾಡಿಸಿ, ಎರಡೂ ವರದಿಗಳ ಜೊತೆ ಆ ಗ್ರಾಫ್ ಹಾಳೆಯನ್ನೂ ವೈದ್ಯರ ಬಳಿಗೆ ಕೊಂಡೊಯ್ಯಿರಿ.